ಮಾಳ್‌ಶೇಜ್ ಘಾಟಿಯಲ್ಲಿ ಕಳೆದುಹೋಗುವ ಚುಕ್ಕೆ

ನಸುಕಿನ ನಾಲ್ಕು ಗಂಟೆ. ಡೊಂಬಿವಲಿಯ ಹೋಟೆಲಿನಲ್ಲಿ ಇಡ್ಲಿ ಅಟ್ಟ ಒಲೆ ಏರಿದೆ, ಬೇಳೆ ಬೆಂದಿದೆ, ಟೊಮೆಟೊ ಮಾತ್ರ ಬಂದಿಲ್ಲ. ರಾತ್ರಿ ನಾರಾಯಣಗಾಂವ್ ಕಡೆ ಲೋಡ್ ಮಾಡಿಕೊಂಡ ಟೆಂಪೊ ಮಾಳ್‌ಶೇಜ್ ಘಾಟಿ ಇಳಿದು ಮುರ್ಬಾಡ್, ಕಲ್ಯಾಣ್ ದಾರಿಯಾಗಿ ಬರಬೇಕು. ಯಜಮಾನರ ಮೊಬೈಲಿನ ನಕಾಶೆಯಲ್ಲಿ ಗಾಡಿಯ ಚುಕ್ಕೆ ಒಂದು ಗಂಟೆಯಿಂದ ಘಾಟಿಯ ತಿರುವೊಂದರಲ್ಲಿ ಅಲ್ಲಾಡದೆ ಕೂತಿದೆ. ಗಾಡಿ ಕೆಟ್ಟು ನಿಂತಿತೋ, ಏನಾದರೂ ಅನಾಹುತವೋ ಎಂದು ಚಡಪಡಿಸುವಷ್ಟರಲ್ಲಿ ಫೋನು: "ಅಣ್ಣ, ಮುರ್ಬಾಡ್ ದಾಟಿದೆ."

"ಎಂತದು ಮಾರಾಯ, ಇಲ್ಲಿ ನೋಡಿದ್ರೆ ನೀನಿನ್ನೂ ಘಾಟಿಯಲ್ಲೇ ಇದ್ದೀಯಲ್ಲ!"

ಠಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿಯಲ್ಲಿ ಗಾಡಿ ಇಟ್ಟುಕೊಂಡವರಿಗೆ ಇಂಥ ಮಾತು ಹೊಸದಲ್ಲ. ಟ್ರ್ಯಾಕರ್ ಪೆಟ್ಟಿಗೆಯ ಬಿಡಿಭಾಗಗಳು ಈಗ ಸುಲಭವಾಗಿ ಸಿಗುತ್ತವೆ, ಇಂಜಿನಿಯರಿಂಗ್ ಓದುವ ಹುಡುಗರು ಮನೆಯ ಮೇಜಿನ ಮೇಲೆ ಜೋಡಿಸಿ ಕೆಲಸ ಮಾಡಿಸಿಯೂ ಬಿಡುತ್ತಾರೆ. ಮೇಜಿನ ಮೇಲೆ ಸರಿಯಿದ್ದದ್ದು ರಸ್ತೆಗಿಳಿದ ಮೇಲೆ ಸತಾಯಿಸುತ್ತದೆ. ಒಂದೋ ಗಾಡಿಯ ಬ್ಯಾಟರಿ ಇಳಿಯುತ್ತದೆ, ಇಲ್ಲವೇ ಸಿಗ್ನಲ್ ಹೋಗುತ್ತದೆ. ಬೇರೆ ಬೇರೆಯಾಗಿ ಕಾಣುವ ಈ ಎರಡು ತಾಪತ್ರಯಗಳ ಬೇರು ಬಹಳ ಸಲ ಒಂದೇ.

ಆಕಾಶದ್ದೊಂದು, ಟವರಿನದ್ದೊಂದು

'ಸಿಗ್ನಲ್ ಇಲ್ಲ' ಎಂದಾಗ ಮೊದಲು ಕೇಳಬೇಕಾದ್ದು: ಯಾವ ಸಿಗ್ನಲ್? ಟ್ರ್ಯಾಕರಿನೊಳಗೆ ಎರಡು ರೇಡಿಯೊಗಳಿವೆ. ಒಂದು ಜಿಪಿಎಸ್ ರಿಸೀವರ್. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳು ಕಳಿಸುವ ಸಮಯದ ಸಂಕೇತಗಳನ್ನು ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಅದು ಲೆಕ್ಕ ಹಾಕುತ್ತದೆ. ಅದು ಯಾರಿಗೂ ಏನನ್ನೂ ಕಳಿಸುವುದಿಲ್ಲ. ಅದಕ್ಕೆ ಸಿಮ್ ಬೇಡ, ಇಂಟರ್ನೆಟ್ಟೂ ಬೇಡ.

ಇನ್ನೊಂದು ಸೆಲ್ಯುಲರ್ ಮಾಡ್ಯೂಲ್, ಅಂದರೆ ಪರದೆಯಿಲ್ಲದ ಮೊಬೈಲ್ ಫೋನು. ರಿಸೀವರ್ ಕಂಡುಕೊಂಡ ಜಾಗವನ್ನು ಟವರಿನ ಮೂಲಕ ಸರ್ವರಿಗೆ ತಲುಪಿಸುವುದು ಅದರ ಕೆಲಸ.

ಮಾಳ್‌ಶೇಜ್ ಘಾಟಿಯಲ್ಲಿ ಆಕಾಶ ಸಾಕಷ್ಟು ಕಾಣುತ್ತದೆ, ಟವರ್ ಅಲ್ಲಲ್ಲಿ ಮರೆಯಾಗುತ್ತದೆ. ಹಾಗಾಗಿ ಗಾಡಿಗೆ ತಾನೆಲ್ಲಿದ್ದೇನೆಂದು ಗೊತ್ತು, ಹೇಳಲು ಬಾಯಿಲ್ಲ. ಎಕ್ಸ್‌ಪ್ರೆಸ್‌ವೇಯ ಭಾತಾಣ್ ಸುರಂಗದೊಳಗೆ ಆಕಾಶವೇ ಇಲ್ಲ. ಅಲ್ಲಿ ಮೊಬೈಲ್ ನೆಟ್‌ವರ್ಕ್ ಸಿಕ್ಕರೂ ಹೇಳಲು ಹೊಸ ಜಾಗವಿರುವುದಿಲ್ಲ. ಖಾರ್ಘರ್ ಅಥವಾ ಘೋಡ್‌ಬಂದರ್ ರಸ್ತೆಯ ಬಹುಮಹಡಿ ಕಟ್ಟಡಗಳ ಬೇಸ್‌ಮೆಂಟಿನಲ್ಲಿ ಎರಡೂ ಕೈಕೊಡುತ್ತವೆ. ಮೂರೂ ಕಡೆ ಪೆಟ್ಟಿಗೆ ಬೇರೆ ಬೇರೆ ರೀತಿ ನಡೆದುಕೊಳ್ಳಬೇಕು.

ಪೆಟ್ಟಿಗೆಯೊಳಗೆ

ಈ ಎರಡು ರೇಡಿಯೊಗಳ ಜೊತೆಗೆ ಒಂದು ಪುಟ್ಟ ಕಂಟ್ರೋಲರ್ ಚಿಪ್ ಇರುತ್ತದೆ. ಗಾಡಿಯ 12 ವೋಲ್ಟನ್ನು ಸುಮಾರು 4 ವೋಲ್ಟಿಗೆ ಇಳಿಸುವ ಕನ್ವರ್ಟರ್, ನೆನಪಿಟ್ಟುಕೊಳ್ಳಲು ಫ್ಲ್ಯಾಶ್ ಮೆಮೊರಿ, ಅಲುಗಾಟ ಗುರುತಿಸುವ ಸೆನ್ಸರ್, ಬ್ಯಾಕಪ್ಪಿಗೊಂದು ಸಣ್ಣ ಸೆಲ್ ಇವಿಷ್ಟು ಸೇರಿದರೆ ಪೆಟ್ಟಿಗೆ ಪೂರ್ತಿ.

ಮಾಡ್ಯೂಲ್ ಆರಿಸುವಾಗ ನಮ್ಮ ದೇಶದ ನೆಟ್‌ವರ್ಕ್ ಪರಿಸ್ಥಿತಿ ನೋಡಬೇಕು. ಹವ್ಯಾಸಿಗಳ ಮೆಚ್ಚಿನ ಸಿಮ್800ಎಲ್ ಅಗ್ಗ, ಆದರೆ ಅದು ಬರೀ 2ಜಿ. 2ಜಿ ಉಳಿಸಿಕೊಂಡ ಏರ್‌ಟೆಲ್, ವಿಐ ಸಿಮ್ಮಿನಲ್ಲಿ ಅದು ನಡೆಯುತ್ತದೆ. 2016ರಲ್ಲಿ ಶುರುವಾದಾಗಿನಿಂದಲೂ 2ಜಿ ಇಲ್ಲದ ಜಿಯೊ ಸಿಮ್ ಹಾಕಿದರೆ ಏನೂ ಆಗದು. ಹೊಸದಾಗಿ ಕಟ್ಟುವವರಿಗೆ ಎ7670ಸಿ, ಇಸಿ200ಯು ತರಹದ 4ಜಿ ಮಾಡ್ಯೂಲ್‌ಗಳೇ ಸರಿ. 4ಜಿ ಸಿಗದ ಕಡೆ ಅವು 2ಜಿಗೆ ಇಳಿದು ಕೆಲಸ ಮಾಡಬಲ್ಲವು.

ಆಂಟೆನಾಗಳ ಜಾಗವೂ ಮುಖ್ಯ. ಜಿಪಿಎಸ್ ಆಂಟೆನಾದ ಬಿಳಿ ಪಿಂಗಾಣಿ ಮುಖ ಆಕಾಶದ ಕಡೆ ಇರಬೇಕು. ಮೇಲೆ ಪ್ಲಾಸ್ಟಿಕ್ ಇದ್ದರೆ ತೊಂದರೆಯಿಲ್ಲ, ತಗಡು ಇರಬಾರದು. ಮೊಬೈಲ್ ಆಂಟೆನಾ ಅದರಿಂದ ಒಂದು ಗೇಣಾದರೂ ದೂರವಿರಲಿ.

ಸಿಗ್ನಲ್ ಇಲ್ಲವೋ, ಕರೆಂಟ್ ಸಾಲದೋ?

ಡೊಂಬಿವಲಿಯಲ್ಲಿ ವಾರಗಟ್ಟಲೆ ಚೆನ್ನಾಗಿ ನಡೆದ ಪೆಟ್ಟಿಗೆ ಮುರ್ಬಾಡ್ ದಾಟುತ್ತಲೇ ಮೂಕವಾಗುತ್ತದೆ. ಎಲ್ಲರೂ ನೆಟ್‌ವರ್ಕಿಗೆ ಬೈಯುತ್ತಾರೆ. ಡ್ರೈವರಿನ ಫೋನು ಮಾತ್ರ ಅದೇ ಜಾಗದಲ್ಲಿ ಒಂದೆರಡು ಕಡ್ಡಿ ತೋರಿಸುತ್ತಿರುತ್ತದೆ.

ಕಾರಣ ಇದು. ಟವರ್ ಹತ್ತಿರವಿದ್ದಾಗ ಮಾಡ್ಯೂಲ್ ಮೆಲ್ಲಗೆ ಮಾತಾಡಿದರೂ ಸಾಕು. ಟವರ್ ದೂರವಾದಷ್ಟೂ ಅದು ದನಿ ಏರಿಸಬೇಕು. 2ಜಿಯಲ್ಲಿ ಪೂರ್ತಿ ದನಿ ಎಂದರೆ 2 ವ್ಯಾಟ್. ಆಗ ಮಾಡ್ಯೂಲ್ ಒಂದೇ ಸಮನೆ ಕರೆಂಟ್ ಎಳೆಯುವುದಿಲ್ಲ, ಸೆಕೆಂಡಿಗೆ 217 ಸಲ ಗಬಕ್ಕನೆ ಎಳೆಯುತ್ತದೆ. ಒಂದೊಂದು ಎಳೆತವೂ ಅರ್ಧ ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಹೊತ್ತು ಸಣ್ಣದಾದರೂ ಕರೆಂಟ್ ಸುಮಾರು 2 ಆಂಪಿಯರ್.

ಸಿಮ್800ಎಲ್‌ಗೆ 3.4ರಿಂದ 4.4 ವೋಲ್ಟ್ ಬೇಕು. ಕನ್ವರ್ಟರಿನಿಂದ 4 ವೋಲ್ಟ್ ಹೊರಡುತ್ತಿದೆ ಎನ್ನಿ. ನಡುವೆ ಸಣಕಲು ಜಂಪರ್ ವೈರು, ಸಡಿಲ ಕನೆಕ್ಟರು ಸೇರಿ 0.4 ಓಮ್ ತಡೆಯಿದ್ದರೆ 2 ಆಂಪಿಯರ್ ಎಳೆದಾಗ 0.8 ವೋಲ್ಟ್ ವೈರಿನಲ್ಲೇ ಕರಗುತ್ತದೆ. ಮಾಡ್ಯೂಲಿಗೆ ಮುಟ್ಟುವುದು 3.2 ವೋಲ್ಟ್. ಅದು ಆ ಕ್ಷಣವೇ ಮಲಗಿ, ಮತ್ತೆ ಎದ್ದು, ಮತ್ತೆ ಟವರ್ ಹುಡುಕಿ, ಮತ್ತೆ ಮಲಗುತ್ತದೆ. ಟವರ್ ಪಕ್ಕದಲ್ಲೇ ಇರುವ ಊರಿನಲ್ಲಿ ಈ ಎಳೆತ ಕಡಿಮೆ, ಆದ್ದರಿಂದ ದೋಷ ಅಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಸಿಮ್800ಎಲ್ ಮೇಲಿನ ದೀಪ ಟವರ್ ಹುಡುಕುವಾಗ ಸೆಕೆಂಡಿಗೊಮ್ಮೆ, ನೆಟ್‌ವರ್ಕ್ ಸಿಕ್ಕ ಮೇಲೆ ಮೂರು ಸೆಕೆಂಡಿಗೊಮ್ಮೆ ಮಿನುಗುತ್ತದೆ. ಏಳೆಂಟು ಸಲ ಮಿನುಗಿ, ಕ್ಷಣ ಆರಿ, ಮತ್ತೆ ಮೊದಲಿನಿಂದ ಶುರುವಾದರೆ ಅದು ಕರೆಂಟಿನ ತೊಂದರೆ. ಆರದೆ ಸೆಕೆಂಡಿಗೊಮ್ಮೆ ಮಿನುಗುತ್ತಲೇ ಇದ್ದರೆ ನೆಟ್‌ವರ್ಕಿನದು. ಮಾಡ್ಯೂಲನ್ನೇ ಕೇಳಬಹುದು:

```
AT+CSQ
+CSQ: 9,99
AT+CREG?
+CREG: 0,2
```

ಮೊದಲ ಉತ್ತರದ 9 ಸಿಗ್ನಲಿನ ಅಂಕ. ಅದು 0ಯಿಂದ 31ರವರೆಗೆ ಇರಬಹುದು, 10ಕ್ಕಿಂತ ಕೆಳಗೆ ದುರ್ಬಲ, 99 ಬಂದರೆ ಏನೂ ತಿಳಿಯುತ್ತಿಲ್ಲ ಎಂದರ್ಥ. ಎರಡನೆಯ ಉತ್ತರದ 2 ಎಂದರೆ 'ಹುಡುಕುತ್ತಿದ್ದೇನೆ'. ಅಲ್ಲಿ 1 ಅಥವಾ ರೋಮಿಂಗಿನ 5 ಬಂದರೆ ನೆಟ್‌ವರ್ಕಿಗೆ ಸೇರಿದೆ. 4ಜಿಯಲ್ಲಿ ಇದೇ ಪ್ರಶ್ನೆಯನ್ನು `AT+CEREG?` ಎಂದು ಕೇಳಬೇಕು. ಉತ್ತರವೇ ಬಾರದೆ ಮಾಡ್ಯೂಲ್ ಪದೇ ಪದೇ ಹೊಸದಾಗಿ ಶುರುವಾಗುತ್ತಿದ್ದರೆ ಸಿಗ್ನಲನ್ನು ದೂರಿ ಪ್ರಯೋಜನವಿಲ್ಲ.

ಒಂದು ಕೆಪಾಸಿಟರ್ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಕೇಳುತ್ತದೆ. ಲೆಕ್ಕ ಹಾಕಿ ನೋಡಿದರೆ ಅರ್ಧ ಮಾತ್ರ ನಿಜ. 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದೇ ಅಷ್ಟು ಕರೆಂಟ್ ಒದಗಿಸಬೇಕಾದರೆ ಒಂದು ಎಳೆತಕ್ಕೇ 1 ವೋಲ್ಟಿಗಿಂತ ಹೆಚ್ಚು ಇಳಿಯುತ್ತದೆ. ಕನ್ವರ್ಟರಿಗೇ 2 ಆಂಪಿಯರ್ ಕೊಡುವ ತಾಕತ್ತಿರಬೇಕು, ವೈರು ದಪ್ಪವಾಗಿ ಗಿಡ್ಡವಾಗಿರಬೇಕು. ಆಮೇಲೆ 2200 ಮೈಕ್ರೊಫ್ಯಾರಡ್ ಅಥವಾ ಅದಕ್ಕಿಂತ ದೊಡ್ಡ ಕೆಪಾಸಿಟರನ್ನು ಮಾಡ್ಯೂಲಿನ ಕಾಲಿಗೆ ತಾಗಿದಂತೆ ಬೆಸುಗೆ ಹಾಕಬೇಕು. 4ಜಿ ಮಾಡ್ಯೂಲಿಗೂ ಇದು ಬೇಕು, ಏಕೆಂದರೆ ಘಾಟಿಯಲ್ಲಿ ಅದು ಇಳಿಯುವುದು 2ಜಿಗೇ.

ಗಾಡಿಯ 12 ವೋಲ್ಟೂ ಅಷ್ಟು ಸಾಧುವಲ್ಲ. ಇಂಜಿನ್ ಓಡುವಾಗ 14ರ ಆಸುಪಾಸಿನಲ್ಲಿರುತ್ತದೆ, ಸೆಲ್ಫ್ ಹೊಡೆದಾಗ 8ಕ್ಕೆ ಕುಸಿಯಬಹುದು, ನಡುನಡುವೆ ಕ್ಷಣಮಾತ್ರದ ದೊಡ್ಡ ಏರಿಕೆಗಳೂ ಬರುತ್ತವೆ. ಬ್ಯಾಟರಿಯ ತುದಿಯಲ್ಲೇ 1 ಆಂಪಿಯರ್ ಫ್ಯೂಸು, ಅದಾದ ಮೇಲೆ ಏರಿಕೆ ತಡೆಯುವ ಟಿವಿಎಸ್ ಡಯೋಡು ಇರಲೇಬೇಕು. ಫ್ಯೂಸಿಲ್ಲದ ವೈರು ತಗಡಿಗೆ ಉಜ್ಜಿ ಶಾರ್ಟ್ ಆದರೆ ಟ್ರ್ಯಾಕರ್ ಇರಲಿ, ಗಾಡಿಯೇ ಉರಿಯಬಹುದು.

ಊರಿಗೆ ಹೋದಾಗ ನಿಂತ ಗಾಡಿ

ಈಗ ಅದೇ ಟೆಂಪೊವನ್ನು ಚೌತಿಗೆ ನಿಲ್ಲಿಸಿ ಯಜಮಾನರು ಹತ್ತು ದಿನ ಉಡುಪಿಗೆ ಹೋದರು ಎಂದುಕೊಳ್ಳಿ. ಬ್ಯಾಟರಿ 40 ಎ.ಎಚ್. ಅದನ್ನು ಪೂರ್ತಿ ಬರಿದು ಮಾಡುವಂತಿಲ್ಲ, ವಾಪಸು ಬಂದಾಗ ಗಾಡಿ ಸ್ಟಾರ್ಟ್ ಆಗಬೇಕು. ಟ್ರ್ಯಾಕರಿಗೆಂದು 12 ಎ.ಎಚ್. ಬಿಟ್ಟುಕೊಡಬಹುದು.

ಪೆಟ್ಟಿಗೆಯಲ್ಲಿ ಎಲ್ಲವೂ ಸದಾ ಎಚ್ಚರವಾಗಿದ್ದರೆ 4 ವೋಲ್ಟಿನ ಕಡೆಯಿಂದ ಒಟ್ಟು 140 ಮಿಲಿಆಂಪಿಯರ್ ಬೇಕಾದೀತು. ಸ್ವಿಚಿಂಗ್ ಕನ್ವರ್ಟರಿನ ನಷ್ಟ ಸೇರಿಸಿ ಲೆಕ್ಕ ಹಾಕಿದರೆ ಗಾಡಿಯ ಬ್ಯಾಟರಿಯಿಂದ ಹೋಗುವುದು ಸುಮಾರು 55 ಮಿಲಿಆಂಪಿಯರ್, ದಿನಕ್ಕೆ 1.3 ಎ.ಎಚ್. ಒಂಬತ್ತು ದಿನಕ್ಕೆ ಪಾಲು ಮುಗಿಯಿತು. ಸ್ವಿಚಿಂಗ್ ಬದಲು ಹಳೇ ಮಾದರಿಯ ಲೀನಿಯರ್ ರೆಗ್ಯುಲೇಟರ್ ಹಾಕಿದ್ದರೆ 12 ವೋಲ್ಟಿನಲ್ಲೂ ಅದೇ 140 ಮಿಲಿಆಂಪಿಯರ್ ಹೋಗುತ್ತದೆ. ಮೂರೂವರೆ ದಿನಕ್ಕೆ ಕತೆ ಮುಗಿಯುತ್ತದೆ, ಮೂರರಲ್ಲಿ ಎರಡು ಪಾಲು ವಿದ್ಯುತ್ತು ಬರೀ ಬಿಸಿಯಾಗಿ ಹೋಗುತ್ತದೆ.

ಗಾಡಿ ನಿಂತದ್ದು ಬೇಸ್‌ಮೆಂಟಿನಲ್ಲಾದರೆ ಲೆಕ್ಕ ಇನ್ನೂ ಕೆಡುತ್ತದೆ. ಟವರ್ ಸಿಗದ ಮಾಡ್ಯೂಲ್ ಸುಮ್ಮನಿರದು, ಒಂದಾದ ಮೇಲೊಂದು ಬ್ಯಾಂಡ್ ಜಾಲಾಡುತ್ತಲೇ ಇರುತ್ತದೆ. ಆಕಾಶ ಕಾಣದ ಜಿಪಿಎಸ್ಸೂ ಹಾಗೆಯೇ. ಬ್ಯಾಟರಿಯಿಂದ ಹೋಗುವ ಕರೆಂಟ್ 90 ಮಿಲಿಆಂಪಿಯರ್ ದಾಟಿದರೆ ಐದೂವರೆ ದಿನ. ಅರ್ಧ ಶಕ್ತಿಯಷ್ಟೇ ಉಳಿದಿರುವ ಹಳೇ ಬ್ಯಾಟರಿಯಾದರೆ ಮೂರು ದಿನವೂ ಇಲ್ಲ. ಕೆಟ್ಟ ಸಿಗ್ನಲ್ ಬ್ಯಾಟರಿ ತಿನ್ನುವುದು ಹೀಗೆ.

ಪರಿಹಾರ ನಿದ್ದೆ. ಇಗ್ನಿಷನ್ ಆರಿ ಐದು ನಿಮಿಷವಾದರೆ ಕಡೆಯ ಜಾಗವನ್ನು ಬರೆದಿಟ್ಟು ಮಾಡ್ಯೂಲನ್ನೂ ಜಿಪಿಎಸ್ಸನ್ನೂ ಮಲಗಿಸಬೇಕು. ದಿನಕ್ಕೆ ನಾಲ್ಕು ಸಲ ಎದ್ದು 'ಇಲ್ಲೇ ಇದ್ದೇನೆ' ಎಂದರೆ ಸಾಕು. ಅಲುಗಾಟದ ಸೆನ್ಸರಿಗೆ ಬೇಕಾದ್ದು ಕೆಲವೇ ಮೈಕ್ರೊಆಂಪಿಯರ್, ಅದು ಕಾವಲಿರಲಿ. ಯಾರಾದರೂ ಗಾಡಿ ಎಳೆದರೆ ಅದೇ ಉಳಿದವರನ್ನು ಎಬ್ಬಿಸುತ್ತದೆ. ಹೀಗೆ ಮಾಡಿದರೆ ಖರ್ಚು ದಿನಕ್ಕೆ 0.2 ಎ.ಎಚ್. ಸುತ್ತಮುತ್ತ, 12 ಎ.ಎಚ್. ಪಾಲು ಎರಡು ತಿಂಗಳು ಬರುತ್ತದೆ.

ಇಲ್ಲೂ ಕಳ್ಳರಿದ್ದಾರೆ. ಎಲ್ಲೆಡೆ ಸಿಗುವ ಎಲ್‌ಎಂ2596 ಕನ್ವರ್ಟರ್ ಏನೂ ಕೆಲಸವಿಲ್ಲದಿದ್ದಾಗಲೂ ತನಗೆಂದೇ ಸುಮಾರು 5 ಮಿಲಿಆಂಪಿಯರ್ ತಿನ್ನುತ್ತದೆ. ಬೋರ್ಡಿನ ಕೆಂಪು ದೀಪ, ಯುಎಸ್‌ಬಿ ಚಿಪ್ಪು ಇನ್ನಷ್ಟು ತಿನ್ನುತ್ತವೆ. ಚಿಪ್ಪಿನ ಪುಸ್ತಕದಲ್ಲಿ ಬರೆದ ಅಂಕಿ ನಂಬದೆ 12 ವೋಲ್ಟ್ ವೈರಿಗೇ ಮೀಟರ್ ಹಾಕಿ ಅಳೆಯಬೇಕು. ಇಷ್ಟಾದ ಮೇಲೂ ಬ್ಯಾಟರಿ 12 ವೋಲ್ಟಿಗಿಂತ ಕೆಳಗಿಳಿದರೆ ಕಡೆಯ ಸಂದೇಶ ಕಳಿಸಿ ಪೂರ್ತಿ ಮಲಗುವ ನಿಯಮ ಇರಲಿ.

ಬ್ಯಾಕಪ್ ಸೆಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಸಾಮಾನ್ಯ ಲಿಥಿಯಂ ಸೆಲ್ಲನ್ನು 45 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಮೇ ತಿಂಗಳ ಬಿಸಿಲಿಗೆ ಗಾಜಿನ ಹಿಂದಿನ ಡ್ಯಾಶ್‌ಬೋರ್ಡ್ ಅದನ್ನು ಸಲೀಸಾಗಿ ದಾಟುತ್ತದೆ. ಪೆಟ್ಟಿಗೆ ಬಿಸಿಲು ಬೀಳದ ಕಡೆ, ಡ್ಯಾಶ್‌ಬೋರ್ಡಿನ ಒಳಗೆ ಕೆಳಭಾಗದಲ್ಲಿರಲಿ. ಬಿಸಿ ಏರಿದಾಗ ಚಾರ್ಜಿಂಗ್ ನಿಲ್ಲಿಸುವ ಥರ್ಮಿಸ್ಟರ್ ಇರುವ ಚಾರ್ಜರನ್ನೇ ಬಳಸಬೇಕು.

ಮೊದಲು ಬರೆ, ಆಮೇಲೆ ಕಳಿಸು

ಕರೆಂಟಿನ ದೋಷ ಸರಿಪಡಿಸಿದ ಮೇಲೂ ಘಾಟಿಯಲ್ಲಿ ಟವರ್ ಇಲ್ಲದ ಜಾಗ ಇದ್ದೇ ಇರುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಕ್ರಮ: ಮೊದಲು ಬರೆದುಕೊಳ್ಳುವುದು, ಚುಕ್ತಾ ಆದ ಮೇಲೆಯೇ ಹೊಡೆದುಹಾಕುವುದು.

ಪ್ರತಿ 20 ಸೆಕೆಂಡಿಗೊಂದು ದಾಖಲೆ: ಸಮಯ, ಅಕ್ಷಾಂಶ, ರೇಖಾಂಶ, ವೇಗ, ಬ್ಯಾಟರಿ ವೋಲ್ಟ್, ಸಿಗ್ನಲ್ ಅಂಕ, ಕ್ರಮಸಂಖ್ಯೆ. ಅಚ್ಚುಕಟ್ಟಾಗಿ ಜೋಡಿಸಿದರೆ ಇಷ್ಟೂ 20 ಬೈಟ್‌ನಲ್ಲಿ ಕೂರುತ್ತದೆ. ಮೂರು ಗಂಟೆ ಟವರ್ ಇಲ್ಲದಿದ್ದರೂ 540 ದಾಖಲೆ, 11 ಕಿಲೊಬೈಟ್ ಕೂಡ ಆಗದು. ಸಾಧಾರಣ 4 ಮೆಗಾಬೈಟ್ ಫ್ಲ್ಯಾಶ್ ಚಿಪ್ಪಿನಲ್ಲಿ ಇಂಥವು 2 ಲಕ್ಷ ಹಿಡಿಸುತ್ತವೆ. ಬರೆಯಬೇಕಾದ ಸಮಯ ಜಿಪಿಎಸ್ ಕೊಟ್ಟದ್ದು, ಸರ್ವರಿಗೆ ತಲುಪಿದ್ದಲ್ಲ. ಇದನ್ನು ಮರೆತರೆ ಘಾಟಿಯ ಇಡೀ ಪಯಣ ಮುರ್ಬಾಡಿನಲ್ಲಿ ಒಂದೇ ನಿಮಿಷದಲ್ಲಿ ನಡೆದಂತೆ ಕಾಣುತ್ತದೆ.

ನೆಟ್‌ವರ್ಕ್ ಸಿಕ್ಕಾಗ ಮೊದಲು ಇತ್ತೀಚಿನ ಜಾಗ ಹೋಗಲಿ, ಯಜಮಾನರಿಗೆ ಬೇಕಾದ್ದು ಅದು. ಹಳೆಯವು ಮೂವತ್ತು ಮೂವತ್ತರ ಕಟ್ಟಾಗಿ ಹಿಂದೆ ಬರಲಿ. ಯಾವ ಕ್ರಮಸಂಖ್ಯೆಯವರೆಗೆ ಬಂದಿದೆಯೆಂದು ಸರ್ವರ್ ಒಪ್ಪಿಗೆ ಕೊಟ್ಟ ಮೇಲೆಯೇ ಅಳಿಸಬೇಕು.

ಕಟ್ಟಾಗಿ ಕಳಿಸುವುದರಲ್ಲಿ ಇನ್ನೊಂದು ಲಾಭವಿದೆ. ಒಂದು ಸಲ ಡೇಟಾ ಕಳಿಸಿದರೆ, ಇನ್ನೇನಾದರೂ ಬಂದೀತೆಂದು ನೆಟ್‌ವರ್ಕ್ ಕೆಲವು ಸೆಕೆಂಡು ರೇಡಿಯೊವನ್ನು ಎಚ್ಚರವಾಗಿಯೇ ಇಡುತ್ತದೆ. 20 ಬೈಟ್ ಕಳಿಸಿದರೂ 600 ಬೈಟ್ ಕಳಿಸಿದರೂ ಈ ಎಚ್ಚರದ ಖರ್ಚು ಹೆಚ್ಚುಕಡಿಮೆ ಒಂದೇ. ಬಿಡಿಬಿಡಿಯಾಗಿ ಕಳಿಸುವವನು ಅದನ್ನು ಮತ್ತೆ ಮತ್ತೆ ತೆರುತ್ತಾನೆ.

ಟವರ್ ಸಿಗದಿದ್ದಾಗ ಮತ್ತೆ ಯಾವಾಗ ಪ್ರಯತ್ನಿಸಬೇಕು? ಒಂದು ನಿಮಿಷ, ಎರಡು, ನಾಲ್ಕು ಎಂದು ಕಾಯುವ ಹೊತ್ತನ್ನು ಇಮ್ಮಡಿಸುವುದು ವಾಡಿಕೆ. ಗಾಡಿಗೆ ಅದಕ್ಕಿಂತ ಒಳ್ಳೆಯ ಅಳತೆ ದೂರ. ನಿಂತ ಗಾಡಿಗೆ ಹತ್ತು ನಿಮಿಷ ಬಿಟ್ಟು ನೋಡಿದರೂ ಅದೇ ಗೋಡೆ, ಅದೇ ಗುಡ್ಡ. ಓಡುವ ಗಾಡಿ 2 ಕಿ.ಮೀ. ಸಾಗಿದರೆ ಇನ್ನೊಂದು ಟವರ್ ಕಂಡೀತು. ಆದ್ದರಿಂದ ಚಲಿಸುವಾಗ ಪ್ರತಿ 2 ಕಿ.ಮೀ.ಗೊಮ್ಮೆ, ನಿಂತಾಗ ತಾಸಿಗೊಮ್ಮೆ ಹುಡುಕಿದರೆ ಸಾಕು. ನಡುವೆ ಮಾಡ್ಯೂಲಿನ ರೇಡಿಯೊ `AT+CFUN=4` ಆದೇಶದಿಂದ ಬಂದ್ ಆಗಿರಲಿ. ಜಿಪಿಎಸ್ ತನ್ನ ಪಾಡಿಗೆ ಬರೆಯುತ್ತಿರುತ್ತದೆ.

ಪ್ರತಿ ದಾಖಲೆಯಲ್ಲಿ ಸಿಗ್ನಲ್ ಅಂಕವನ್ನೂ ಸೇರಿಸಿದ್ದಕ್ಕೆ ಫಲ ಇಲ್ಲಿದೆ. ನಾಲ್ಕಾರು ಟ್ರಿಪ್ ಆಗುವಷ್ಟರಲ್ಲಿ ಕಲ್ಯಾಣದಿಂದ ಘಾಟಿಯವರೆಗೆ ಎಲ್ಲೆಲ್ಲಿ ಟವರ್ ಸತ್ತಿರುತ್ತದೆ ಎಂಬ ನಕಾಶೆ ತಾನೇ ತಯಾರಾಗುತ್ತದೆ. ಆ ತುಂಡುಗಳಲ್ಲಿ ಹುಡುಕುವುದನ್ನೇ ಬಿಡಬಹುದು.

ರಾತ್ರಿಯಿಡೀ ನಡೆದಾಡುವ ಟೆಂಪೊ

ಆಕಾಶದ ಸಿಗ್ನಲಿಗೂ ಅದರದೇ ಕಾಯಿಲೆಗಳಿವೆ. ಘೋಡ್‌ಬಂದರ್ ರಸ್ತೆಯ ಗೋಪುರಗಳ ನಡುವೆ ಉಪಗ್ರಹದ ಸಂಕೇತ ನೇರ ಬರದೆ ಗೋಡೆಗೆ ಬಡಿದು ಬರುತ್ತದೆ. ದಾರಿ ಉದ್ದವಾದ್ದರಿಂದ ಲೆಕ್ಕ ತಪ್ಪಿ ಚುಕ್ಕೆ ಪಕ್ಕದ ಗಲ್ಲಿಗೆ ಹಾರುತ್ತದೆ. ನಿಂತ ಗಾಡಿ ರಾತ್ರಿಯಿಡೀ ಗಂಟೆಗೆ ಎರಡು ಮೂರು ಕಿ.ಮೀ. ವೇಗದಲ್ಲಿ ಸುತ್ತಾಡಿದಂತೆ ಕಾಣುತ್ತದೆ, ತಿಂಗಳ ಕೊನೆಗೆ ಓಡದ ಕಿಲೊಮೀಟರೂ ಲೆಕ್ಕಕ್ಕೆ ಸೇರಿರುತ್ತದೆ.

ಇಗ್ನಿಷನ್ ಆರಿದ್ದು ವೇಗ 4 ಕಿ.ಮೀ.ಗಿಂತ ಕಡಿಮೆಯಿದ್ದರೆ ಹಳೆಯ ಜಾಗವನ್ನೇ ಹಿಡಿದಿಡಬೇಕು. ಕಾಣುವ ಉಪಗ್ರಹಗಳು ಐದಕ್ಕಿಂತ ಕಡಿಮೆಯಿದ್ದರೆ ಹೊಸ ಜಾಗ ನಂಬಬಾರದು. ನಿದ್ದೆಯಿಂದ ಎದ್ದ ಜಿಪಿಎಸ್ಸಿಗೆ ಒಂದೂವರೆ ನಿಮಿಷ ಗಡುವು ಕೊಟ್ಟು, ಅಷ್ಟರಲ್ಲಿ ಜಾಗ ಸಿಗದಿದ್ದರೆ ಮತ್ತೆ ಮಲಗಿಸಬೇಕು. ಮಲಗಿದಾಗಲೂ ಅದರ ಬ್ಯಾಕಪ್ ಕಾಲಿಗೆ ತುಸು ವಿದ್ಯುತ್ ಕೊಡುತ್ತಿದ್ದರೆ ಉಪಗ್ರಹಗಳ ಪಥದ ವಿವರ ನೆನಪಿನಲ್ಲಿರುತ್ತದೆ. ಕೆಲವು ತಾಸಿನೊಳಗೆ ಎದ್ದರೆ ಅರ್ಧ ನಿಮಿಷದ ಬದಲು ಒಂದೆರಡು ಸೆಕೆಂಡಿನಲ್ಲಿ ಜಾಗ ಸಿಗುತ್ತದೆ.

ಮನೆಯ ಪೆಟ್ಟಿಗೆಗೆ ಮಿತಿ ಎಲ್ಲಿ?

ರಸ್ತೆಗಿಳಿಸುವ ಮೊದಲು ಮೇಜಿನ ಮೇಲೆಯೇ ಘಾಟಿಯನ್ನು ಸೃಷ್ಟಿಸಬಹುದು. ಮೊಬೈಲ್ ಆಂಟೆನಾ ಬಿಚ್ಚಿ ಓಡಿಸಬಾರದು, ಮಾಡ್ಯೂಲ್ ಹಾಳಾದೀತು. ಪೆಟ್ಟಿಗೆಯನ್ನು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಟ್ಟು ಸಿಗ್ನಲ್ ಅಂಕ 10ರ ಕೆಳಗಿಳಿಸಿ, ಮಾಡ್ಯೂಲ್ ಮರುಶುರುವಾಗುತ್ತಿದೆಯೇ ನೋಡಬೇಕು. ಆಮೇಲೆ ಸಿಮ್ ತೆಗೆದು ತಾಸು ಬಿಟ್ಟು ಹಾಕಿ, ಒಂದು ದಾಖಲೆಯೂ ಕಳೆಯದೆ, ಎರಡು ಸಲವೂ ಬಾರದೆ ತಲುಪಿತೇ ಎಂದು ಕ್ರಮಸಂಖ್ಯೆ ಎಣಿಸಬೇಕು. ಕಡೆಗೆ ಒಂದು ರಾತ್ರಿ ಮೀಟರ್ ಜೋಡಿಸಿ ನಿದ್ದೆಯ ಕರೆಂಟ್ ಅಳೆಯಬೇಕು.

ಇಷ್ಟು ಪಾಸಾದ ಪೆಟ್ಟಿಗೆ ಸ್ವಂತ ಸರಕಿನ ಟೆಂಪೊ, ಬೈಕು, ಕಾರಿಗೆ ಸಾಕು. ಬಸ್ಸು, ಟ್ಯಾಕ್ಸಿಗಳಂಥ ಸಾರ್ವಜನಿಕ ಪ್ರಯಾಣಿಕ ವಾಹನಗಳಿಗೆ ಇದು ನಡೆಯದು. ಕೇಂದ್ರ ಸಾರಿಗೆ ಸಚಿವಾಲಯ 2016ರ ನವೆಂಬರಿನಲ್ಲಿ ಹೊರಡಿಸಿದ ಅಧಿಸೂಚನೆಯಂತೆ ಅವುಗಳಲ್ಲಿ ಎಐಎಸ್-140 ಮಾನದಂಡದ, ಪರೀಕ್ಷೆಯಾಗಿ ಪ್ರಮಾಣಪತ್ರ ಪಡೆದ ಉಪಕರಣವೇ ಬೇಕು, ಜೊತೆಗೆ ತುರ್ತು ಗುಂಡಿಯೂ ಇರಬೇಕು.

ಆ ಮಾನದಂಡವನ್ನು ಓದಿದರೆ ಇಲ್ಲಿ ಹೇಳಿದ ಎರಡು ತಾಪತ್ರಯಗಳೂ ಅಲ್ಲಿ ನಿಯಮವಾಗಿ ಕೂತಿವೆ. ಗಾಡಿಯ ಬ್ಯಾಟರಿ ಕಿತ್ತರೂ 4 ತಾಸು ನಡೆಯುವ ಒಳ ಬ್ಯಾಟರಿ ಇರಬೇಕು, ನೆಟ್‌ವರ್ಕ್ ಇಲ್ಲದಾಗ ಕನಿಷ್ಠ 40,000 ದಾಖಲೆ ಹಿಡಿದಿಡುವ ಮೆಮೊರಿ ಇರಬೇಕು. ಅಂಗಡಿಯಲ್ಲಿ ಟ್ರ್ಯಾಕರ್ ಕೊಳ್ಳುವವರೂ ಮೊದಲು ಕೇಳಬೇಕಾದ್ದು ಈ ಎರಡು ಅಂಕಿಗಳನ್ನೇ, ಮೂರನೆಯದಾಗಿ ಮಲಗಿದಾಗ ಅದು ಎಷ್ಟು ಮಿಲಿಆಂಪಿಯರ್ ತಿನ್ನುತ್ತದೆ ಎಂಬುದನ್ನು. ಮೂರನೆಯದಕ್ಕೆ ಮಾರುವವರ ಬಳಿ ಉತ್ತರವಿಲ್ಲದಿದ್ದರೆ ಕೊಳ್ಳುವ ಮೊದಲು ಮೀಟರ್ ಹಾಕಿ ತೋರಿಸಲು ಹೇಳಿ.